ಕಂಪನಿಯ ಮಾತು ಕಂಪನಿಗೇ ಇರಲಿ, ನಮ್ಮ ಮಕ್ಕಳ ಲೆಕ್ಕ ಎಲ್ಲಿ?

ಪರಸ್ಥಳದಲ್ಲಿ ನೆಲೆಸಿದ ನಮ್ಮ ಕನ್ನಡ ಕುಟುಂಬಗಳಲ್ಲಿ ಈಗ ಮನೆಗೊಬ್ಬ ಎಂ.ಬಿ.ಎ. ವಿದ್ಯಾರ್ಥಿಯೋ ವಿದ್ಯಾರ್ಥಿನಿಯೋ ಇದ್ದೇ ಇರುತ್ತಾರೆ. ಕಾಲೇಜಿನವರು ಒಂದು ಕಂಪನಿಯ ಹೆಸರು ಕೊಟ್ಟು, ಅದರ ವ್ಯವಹಾರವನ್ನು ವಿಶ್ಲೇಷಿಸಿ ಇಪ್ಪತ್ತು ಪುಟ ಬರೆದು ತನ್ನಿ ಎನ್ನುತ್ತಾರೆ. ಇದಕ್ಕೆ ಕೇಸ್ ಅಸೈನ್‌ಮೆಂಟ್ ಎಂದು ಹೆಸರು. ಇಂಥ ಕೆಲವು ಬರಹಗಳನ್ನು ಸ್ನೇಹಿತರ ಮಕ್ಕಳು ಪ್ರೀತಿಯಿಂದ ನಮಗೆ ತೋರಿಸಿದ್ದಾರೆ. ಭಾಷೆ ಅಚ್ಚುಕಟ್ಟು, ಚಿತ್ರಗಳು ಬಣ್ಣಬಣ್ಣ. ಆದರೆ ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ಈ ದನಿ ಇಪ್ಪತ್ತೆರಡು ವರ್ಷದ ಹುಡುಗನದಲ್ಲ, ಕಂಪನಿಯ ಪ್ರಚಾರ ವಿಭಾಗದ್ದು ಎಂದು ಗೊತ್ತಾಗಿಬಿಡುತ್ತದೆ. ಜಾಲತಾಣದಿಂದ ಒಂದು ಪ್ಯಾರಾ, ವಾರ್ಷಿಕ ವರದಿಯಲ್ಲಿನ ಅಧ್ಯಕ್ಷರ ಪತ್ರದಿಂದ ಮತ್ತೊಂದು. ನಡುವೆ ಹೊಲಿಗೆ ಹಾಕಲು 'ಆದ್ದರಿಂದ' ಎಂಬ ಒಂದು ಪದ ಮಾತ್ರ ಮಗುವಿನ ಸ್ವಂತದ್ದು.

ಇದನ್ನು ಕಳವು ಎಂದು ಕರೆದರೆ ತಂದೆತಾಯಿಗಳಿಗೆ ಬೇಸರವಾಗುತ್ತದೆ. "ಎಲ್ಲರಿಗೂ ಕಾಣುವಂತೆ ಕಂಪನಿಯವರೇ ಹಾಕಿದ್ದಾರಲ್ಲ, ಅದರಲ್ಲಿ ಕದಿಯುವುದೇನು ಬಂತು?" ಎನ್ನುತ್ತಾರೆ. ಎಲ್ಲರಿಗೂ ಕಾಣುವುದು ಎಲ್ಲರ ಸ್ವಂತವಾಗುವುದಿಲ್ಲ. ಉದ್ಧರಣ ಚಿಹ್ನೆ ಹಾಕದೆ, ಮೂಲ ಹೇಳದೆ ಎತ್ತಿದ ವಾಕ್ಯ ಕಳವೇ. ಆದರೆ ಸದ್ಯಕ್ಕೆ ಆ ವಾದವನ್ನು ಬದಿಗಿಡೋಣ. ಮಗು ಪ್ರಾಮಾಣಿಕವಾಗಿ ಚಿಹ್ನೆ ಹಾಕಿ ಮೂಲ ಹೇಳಿತು ಎಂದೇ ಇಟ್ಟುಕೊಳ್ಳಿ, ಅಥವಾ ಪದಗಳನ್ನು ಅತ್ತಿತ್ತ ತಿರುಗಿಸಿ, ನಕಲು ಹಿಡಿಯುವ ಯಂತ್ರದ ಕಣ್ಣಿಗೆ ಮಣ್ಣೆರಚಿತು ಎಂದೇ ಇಟ್ಟುಕೊಳ್ಳಿ. ಆಗಲೂ ಅಲ್ಲಿ ವಿಶ್ಲೇಷಣೆ ಹುಟ್ಟುವುದಿಲ್ಲ ಎಂಬುದು ನಮ್ಮ ತಕರಾರು.

ಏಕೆಂದರೆ ಆ ವಾಕ್ಯಗಳನ್ನು ಬರೆದವರ ಉದ್ದೇಶವೇ ಬೇರೆ. "ಗ್ರಾಹಕರ ತೃಪ್ತಿಯೇ ನಮ್ಮ ಕೇಂದ್ರಬಿಂದು" ಎಂಬಂಥ ಮಾತನ್ನು ಬ್ಯಾಂಕಿನವರೂ ಬರೆಯಬಹುದು, ಬಿಸ್ಕತ್ತಿನವರೂ ಬರೆಯಬಹುದು. ಕಂಪನಿಯ ಹೆಸರನ್ನು ತೆಗೆದು ಅದರ ಎದುರಾಳಿಯ ಹೆಸರು ಹಾಕಿ ಓದಿ. ವಾಕ್ಯ ಹಾಗೆಯೇ ನಿಂತರೆ ಅದು ಆ ಕಂಪನಿಯ ಬಗ್ಗೆ ಏನನ್ನೂ ಹೇಳುತ್ತಿಲ್ಲ. ಇನ್ನೊಂದು ಪರೀಕ್ಷೆ: ಮಾತನ್ನು ತಿರುಗಿಸಿ ನೋಡಿ. "ಗ್ರಾಹಕರ ತೃಪ್ತಿ ನಮಗೆ ಮುಖ್ಯವಲ್ಲ" ಎಂದು ಯಾವ ಕಂಪನಿಯಾದರೂ ಬರೆದೀತೆ? ಯಾರೂ ಬರೆಯಲಾರದ ಮಾತಿನ ವಿರುದ್ಧವನ್ನು ಬರೆಯುವುದರಲ್ಲಿ ಸುದ್ದಿಯೇನೂ ಇರುವುದಿಲ್ಲ.

ವಾರ್ಷಿಕ ವರದಿಯನ್ನು ಲೆಕ್ಕಪರಿಶೋಧಕರು ನೋಡಿರುತ್ತಾರಲ್ಲ ಎಂಬ ಸಮಾಧಾನವೂ ಉಂಟು. ಪರಿಶೋಧಕರು ಅಭಿಪ್ರಾಯ ಕೊಡುವುದು ಲೆಕ್ಕಪತ್ರಗಳ ಮೇಲೆ. ಅಧ್ಯಕ್ಷರ ಪತ್ರದ ವಿಶೇಷಣಗಳ ಮೇಲಲ್ಲ. ಹೈದರಾಬಾದಿನ ನಮ್ಮ ಓದುಗರಿಗೆ ಸತ್ಯಂ ಕಂಪನಿಯನ್ನು ನೆನಪಿಸಬೇಕಾಗಿಲ್ಲ. ಸುಶಾಸನಕ್ಕೆಂದು 2008ರಲ್ಲಿ ಪ್ರಶಸ್ತಿ ಪಡೆದ ಆ ಕಂಪನಿಯ ಅಧ್ಯಕ್ಷರು, 2009ರ ಜನವರಿ 7ರಂದು, ತಮ್ಮ ಪುಸ್ತಕದಲ್ಲಿ ತೋರಿಸಿದ 5,361 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ಇಲ್ಲವೇ ಇಲ್ಲವೆಂದು ಪತ್ರ ಬರೆದರು. ಅಲ್ಲಿ ಲೆಕ್ಕವೇ ಸುಳ್ಳಾಗಿತ್ತು. ಅದು ಅಪರೂಪದ ಮಾತು. ಆದರೆ ಲೆಕ್ಕ ಪೂರ್ತಿ ನಿಜವಾಗಿದ್ದು, ಅದರ ಪಕ್ಕದ ಮಾತು ಮಾತ್ರ ನಮ್ಮನ್ನು ಬೇರೆ ಕಡೆ ನಡೆಸುವುದು ದಿನನಿತ್ಯದ ಸಂಗತಿ. ಮಕ್ಕಳು ಕಲಿಯಬೇಕಾದದ್ದು ಇಲ್ಲಿ.

ಒಂದು ಉದಾಹರಣೆಯನ್ನು ಕೈಯಲ್ಲಿ ಹಿಡಿದೇ ನೋಡೋಣ. ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ತಿಂಗಳ ಸಾಮಾನಿಗೆ ನಮ್ಮವರು ಚೀಲ ಹಿಡಿದು ಹೋಗುವ ಡಿ-ಮಾರ್ಟ್ ಇದೆಯಲ್ಲ, ಅದರ ಒಡೆತನ ಅವೆನ್ಯೂ ಸೂಪರ್‌ಮಾರ್ಟ್ಸ್ ಎಂಬ ಕಂಪನಿಯದು. 2002ರಲ್ಲಿ ಮುಂಬಯಿಯ ಪೊವಾಯಿಯಲ್ಲಿ ಮೊದಲ ಮಳಿಗೆ ತೆರೆಯಿತು. 2017ರಲ್ಲಿ ಷೇರುಪೇಟೆಗೆ ಬಂದಿತು. ಇದರ ಮೇಲೆ ಬರೆದ ಅಸೈನ್‌ಮೆಂಟುಗಳಲ್ಲಿ "ನಿತ್ಯವೂ ಕಡಿಮೆ ವೆಚ್ಚ, ನಿತ್ಯವೂ ಕಡಿಮೆ ಬೆಲೆ" ಎಂಬ ಕಂಪನಿಯ ಸೂತ್ರ ತಪ್ಪದೆ ಇರುತ್ತದೆ. ಅದರ ಹಿಂದೆಯೇ, ಈ ಸೂತ್ರದಿಂದ ಮಾರಾಟ ಬೆಳೆಯಿತು, ದಕ್ಷತೆ ಹೆಚ್ಚಿತು, ಲಾಭ ಏರಿತು ಎಂಬ ತೀರ್ಮಾನವೂ ಬರುತ್ತದೆ. ಕಂಪನಿ ಒಳ್ಳೆಯ ಕಂಪನಿ. ಅದರ ಮೇಲೆ ನಮಗೆ ದೂರಿಲ್ಲ. ತೀರ್ಮಾನಕ್ಕೆ ಲೆಕ್ಕದ ಆಧಾರ ಉಂಟೆ ಎಂಬುದಷ್ಟೇ ಪ್ರಶ್ನೆ.

ಅದೇ ವಾರ್ಷಿಕ ವರದಿಗಳಿಂದ ಮಾತನ್ನು ಬಿಟ್ಟು ಅಂಕಿಗಳನ್ನು ತೆಗೆದುಕೊಳ್ಳೋಣ. 2018-19ರಲ್ಲಿ ಕಂಪನಿಯ ಮಾರಾಟ ಸುಮಾರು 19,916 ಕೋಟಿ ರೂಪಾಯಿ. 2023-24ರಲ್ಲಿ ಸುಮಾರು 49,533 ಕೋಟಿ. ಐದು ವರ್ಷದಲ್ಲಿ ಎರಡೂವರೆ ಪಟ್ಟು! ಇಲ್ಲಿಗೆ ನಿಲ್ಲಿಸಿದರೆ ಹಾರ ಹಾಕಬಹುದು. ಆದರೆ ಮನೆ ನಡೆಸುವ ಯಾವ ಗೃಹಿಣಿಯೂ ಮುಂದಿನ ಪ್ರಶ್ನೆ ಕೇಳುತ್ತಾಳೆ: ಅಂಗಡಿ ಎಷ್ಟು ದೊಡ್ಡದಾಯಿತು? 2019ರ ಮಾರ್ಚ್ ಕೊನೆಗೆ ಮಳಿಗೆಗಳು 176, ಅವುಗಳ ವಿಸ್ತೀರ್ಣ ಸುಮಾರು 59 ಲಕ್ಷ ಚದರಡಿ. 2024ರ ಮಾರ್ಚ್ ಕೊನೆಗೆ ಮಳಿಗೆಗಳು 365, ವಿಸ್ತೀರ್ಣ ಸುಮಾರು 151 ಲಕ್ಷ ಚದರಡಿ. ಅಂದರೆ ಜಾಗವೂ ಎರಡೂವರೆ ಪಟ್ಟು ಆಗಿದೆ.

ಈಗ ಮಾರಾಟವನ್ನು ಜಾಗದಿಂದ ಭಾಗಿಸಿ. ಮೊದಲ ವರ್ಷ ಚದರಡಿಗೆ ಸುಮಾರು 33,750 ರೂಪಾಯಿ. ಐದು ವರ್ಷದ ಮೇಲೆ ಸುಮಾರು 32,800. ಒಂದು ಚದರಡಿ ನೆಲ ದುಡಿಯುವುದು ಹೆಚ್ಚಿಲ್ಲ, ತುಸು ಇಳಿದಿದೆ. ಈ ನಡುವೆ ಬೇಳೆ, ಎಣ್ಣೆ, ಸೋಪುಗಳ ಬೆಲೆ ಏರಿರುವುದು ನಮಗೆಲ್ಲ ಗೊತ್ತು. ಆದ್ದರಿಂದ ಪ್ರತಿ ಚದರಡಿಯಿಂದ ಹೊರಹೋದ ಸಾಮಾನಿನ ಪ್ರಮಾಣ ಇನ್ನೂ ಕಡಿಮೆಯಾಗಿರಬೇಕು. ಬೆಳವಣಿಗೆ ಬಂದದ್ದು ಹೊಸ ನೆಲದಿಂದ. ಈ ಒಂದು ವಾಕ್ಯ ಯಾವ ಜಾಲತಾಣದಲ್ಲಿಯೂ ಬರೆದಿರುವುದಿಲ್ಲ. ಅದನ್ನು ಕಾಣಲು ಬೇಕಾದದ್ದು ಒಂದು ಭಾಗಾಕಾರ.

ಒಡನೆ ಜಾಗರೂಕತೆಯೂ ಬೇಕು. ಮಾರ್ಚಿಯಲ್ಲಿ ತೆರೆದ ಮಳಿಗೆಯ ಜಾಗ ಪೂರ್ತಿ ಲೆಕ್ಕಕ್ಕೆ ಬರುತ್ತದೆ, ಮಾರಾಟ ಮಾತ್ರ ಕೆಲವೇ ದಿನದ್ದು. ಇದರಿಂದ ಭಾಗಲಬ್ಧ ಕುಗ್ಗೀತು ಎಂದು ಯಾರಾದರೂ ಆಕ್ಷೇಪಿಸಬಹುದು. ಒಳ್ಳೆಯ ಆಕ್ಷೇಪ. ಹೊಸ ಮಳಿಗೆಗಳನ್ನು ಎಣಿಸೋಣ: ಮೊದಲ ವರ್ಷ 176ರಲ್ಲಿ 21, ಕೊನೆಯ ವರ್ಷ 365ರಲ್ಲಿ 41. ಎರಡೂ ಸಲ ಎಂಟೊಂಬತ್ತರಲ್ಲಿ ಒಂದು ಹೊಸದು. ಆದ್ದರಿಂದ ಹೋಲಿಕೆ ಬಹುಮಟ್ಟಿಗೆ ನ್ಯಾಯವಾಗಿಯೇ ಇದೆ. ಕಂಪನಿ ತನ್ನದೇ ವಿಧಾನದಿಂದ ಚದರಡಿಯ ಮಾರಾಟವನ್ನು ಪ್ರಕಟಿಸುತ್ತದೆ. ಅದರ ಅಂಕಿ ನಮ್ಮದಕ್ಕಿಂತ ಬೇರೆ, ಆದರೆ ಇಳಿಮುಖ ಅದೇ. ಇನ್ನೊಂದು ಎಚ್ಚರ: ನಾವು ತೆಗೆದುಕೊಂಡದ್ದು ಮೂಲ ಕಂಪನಿಯೊಂದರ ಲೆಕ್ಕ. ಅಂಗಸಂಸ್ಥೆಗಳನ್ನು ಸೇರಿಸಿದ ಲೆಕ್ಕ ಅದೇ ವರದಿಯಲ್ಲಿ ಬೇರೆ ಪುಟದಲ್ಲಿ ಇರುತ್ತದೆ. ಒಂದು ವರ್ಷಕ್ಕೆ ಇದನ್ನು, ಮತ್ತೊಂದು ವರ್ಷಕ್ಕೆ ಅದನ್ನು ಎತ್ತಿದರೆ ಬೆಳವಣಿಗೆಯ ಅಂಕಿಯೇ ಹುಸಿಯಾಗುತ್ತದೆ. ಅವಸರದ ಮಕ್ಕಳು ಎಡವುವ ಮೊದಲ ಕಲ್ಲು ಇದು.

ಚದರಡಿಯ ದುಡಿಮೆ ಏಕೆ ಏರಲಿಲ್ಲ? ಇಲ್ಲಿಂದ ವಿಶ್ಲೇಷಣೆ ಶುರುವಾಗುತ್ತದೆ. ಸರಾಸರಿ ಮಳಿಗೆ 33 ಸಾವಿರ ಚದರಡಿಯಿಂದ 41 ಸಾವಿರಕ್ಕೆ ಬೆಳೆದಿದೆ. ದೊಡ್ಡ ಅಂಗಡಿ ತುಂಬಲು ಕಾಲ ಬೇಕು. ನಡುವೆ ಕೋವಿಡ್ಡಿನ ಎರಡು ವರ್ಷ ಬಂದವು. ಬಟ್ಟೆ, ಪಾತ್ರೆ, ಗೃಹಬಳಕೆಯ ಸಾಮಾನುಗಳ ಪಾಲು 2018-19ರಲ್ಲಿ ಮಾರಾಟದ ಶೇಕಡ 28ರಷ್ಟಿದ್ದದ್ದು ಆಮೇಲೆ ಕಾಲು ಭಾಗಕ್ಕಿಂತ ಕೆಳಗೆ ಬಂದಿತು. ಇವುಗಳಲ್ಲಿ ಯಾವುದು ಮುಖ್ಯ ಕಾರಣ? ಎರಡು ವರ್ಷ ದಾಟಿದ ಹಳೆಯ ಮಳಿಗೆಗಳ ಮಾರಾಟ ಎಷ್ಟು ಏರಿತೆಂದು ಕಂಪನಿ ಪ್ರತ್ಯೇಕವಾಗಿ ಹೇಳುತ್ತದೆ. ಹಳೆಯವು ಚೆನ್ನಾಗಿ ಏರುತ್ತಿದ್ದರೆ ಭಾರವಿರುವುದು ಹೊಸ ದೊಡ್ಡ ಮಳಿಗೆಗಳ ಮೇಲೆ. ಹಳೆಯವೂ ಬೆಲೆಯೇರಿಕೆಯಷ್ಟೇ ಏರಿದ್ದರೆ ಗಿರಾಕಿಯೇ ಕೈ ಬಿಗಿಹಿಡಿದಿದ್ದಾನೆ ಎಂದಾಗುತ್ತದೆ. ವಿದ್ಯಾರ್ಥಿ ಐದು ವರ್ಷದ ಆ ಸಾಲನ್ನು ಬರೆದುಕೊಂಡು ಒಂದು ಪಕ್ಷ ಹಿಡಿಯಲಿ. ತಪ್ಪಾದರೂ ಅದು ತಿದ್ದಬಹುದಾದ ತಪ್ಪು.

ಲಾಭದ ಕಡೆಗೆ ಬಂದರೆ ಇನ್ನೂ ಸ್ವಾರಸ್ಯವಿದೆ. ನಿವ್ವಳ ಲಾಭ 936 ಕೋಟಿಯಿಂದ 2,695 ಕೋಟಿಗೆ ಏರಿತು. ನೂರು ರೂಪಾಯಿ ಮಾರಾಟಕ್ಕೆ ಮೊದಲು 4 ರೂಪಾಯಿ 70 ಪೈಸೆ ಉಳಿಯುತ್ತಿದ್ದದ್ದು 2023-24ರಲ್ಲಿ 5 ರೂಪಾಯಿ 44 ಪೈಸೆ ಆಯಿತು. ದಕ್ಷತೆ ಹೆಚ್ಚಿತು ಎಂದು ಬರೆಯಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ? ಬೇಕು. ಏಕೆಂದರೆ 2019ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರ ಕಂಪನಿಗಳ ಆದಾಯ ತೆರಿಗೆಯನ್ನು ಇಳಿಸಿತು. ಮೇಲುತೆರಿಗೆ, ಉಪಕರ ಎಲ್ಲ ಸೇರಿ ಇಂಥ ದೊಡ್ಡ ಕಂಪನಿಗೆ ಸುಮಾರು ಶೇಕಡ 35 ಇದ್ದದ್ದು, ವಿನಾಯಿತಿಗಳನ್ನು ಬಿಟ್ಟುಕೊಟ್ಟವರಿಗೆ ಶೇಕಡ 25ರ ಆಸುಪಾಸಿಗೆ ಬಂದಿತು. ತೆರಿಗೆಯನ್ನು ಮರಳಿ ಸೇರಿಸಿ ನೋಡಿ. ನೂರರಲ್ಲಿ 35 ಸರಕಾರಕ್ಕೆ ಹೋಗಿ 4.70 ಉಳಿದಿದ್ದರೆ, ತೆರಿಗೆಯ ಮುಂಚೆ ಇದ್ದದ್ದು ಸುಮಾರು 7 ರೂಪಾಯಿ 20 ಪೈಸೆ. ನೂರರಲ್ಲಿ 25 ಹೋಗಿ 5.44 ಉಳಿದಿದ್ದರೆ, ಮುಂಚೆ ಇದ್ದದ್ದು ಸುಮಾರು 7 ರೂಪಾಯಿ 25 ಪೈಸೆ. ಅಂಗಡಿಯಲ್ಲಿ ದುಡಿದದ್ದು ಎರಡೂ ಸಲ ಹೆಚ್ಚುಕಡಿಮೆ ಒಂದೇ! ಹೆಚ್ಚಿದ ಮುಕ್ಕಾಲು ರೂಪಾಯಿ ಬಂದದ್ದು ಮುಖ್ಯವಾಗಿ ದೆಹಲಿಯ ಅರ್ಥ ಸಚಿವಾಲಯದಿಂದ. ಇದು ಅಂದಾಜು ಲೆಕ್ಕ. ನಿಖರವಾಗಿ ಬೇಕಾದವರು ಲಾಭ-ನಷ್ಟದ ತಃಖ್ತೆಯಲ್ಲಿ 'ತೆರಿಗೆಗೆ ಮುಂಚಿನ ಲಾಭ' ಎಂಬ ಸಾಲನ್ನೇ ನೋಡಬಹುದು. ಪ್ರಚಾರದ ವಾಕ್ಯವನ್ನು ಎತ್ತಿಕೊಂಡವನು ಆ ಸಾಲಿನ ತನಕ ಇಳಿಯುವುದೇ ಇಲ್ಲ.

ಇಷ್ಟಾದರೂ ಡಿ-ಮಾರ್ಟನ್ನು ಹೀಗಳೆದಂತಾಗಲಿಲ್ಲ ಎಂಬುದನ್ನು ಗಮನಿಸಬೇಕು. ನೆಲವನ್ನು ಎರಡೂವರೆ ಪಟ್ಟು ಹಿಗ್ಗಿಸಿಯೂ, ಸೋಂಕಿನ ಕಾಲವನ್ನು ದಾಟಿಯೂ, ನೂರಕ್ಕೆ ಏಳು ರೂಪಾಯಿ ಕೈಬಿಡದೆ ಉಳಿಸಿಕೊಂಡದ್ದು ಸಣ್ಣ ಸಾಧನೆಯಲ್ಲ. ಕಂಪನಿಯ ಹೊಗಳಿಕೆಯೇ ಬೇಕಿದ್ದರೂ, ಈ ಹೊಗಳಿಕೆಗೆ ಎಲುಬಿದೆ.

ಬೈಗುಳದಲ್ಲಿ ಅಧ್ಯಾಪಕರಿಗೂ ಪಾಲು ಸಲ್ಲಬೇಕು. "ಕಂಪನಿಯ ಧ್ಯೇಯ, ದೃಷ್ಟಿ, ಬಲಾಬಲಗಳನ್ನು ವಿವರಿಸಿ" ಎಂದು ಕೇಳಿದರೆ ಮಗು ಜಾಲತಾಣಕ್ಕೆ ಹೋಗದೆ ಇನ್ನೆಲ್ಲಿಗೆ ಹೋದೀತು? ಧ್ಯೇಯವಾಕ್ಯ ಇರುವುದೇ ಅಲ್ಲಿ. "ಐದು ವರ್ಷದ ಮಾರಾಟದ ಏರಿಕೆಯಲ್ಲಿ ಹೊಸ ಮಳಿಗೆಗಳ ಪಾಲೆಷ್ಟು, ಹಳೆಯವುಗಳ ಪಾಲೆಷ್ಟು?" ಎಂದು ಕೇಳಿದರೆ ಎತ್ತಿ ಹಾಕಲು ಸಿದ್ಧ ಪ್ಯಾರಾ ಎಲ್ಲಿಯೂ ಸಿಗುವುದಿಲ್ಲ. ನಕಲು ಹಿಡಿಯುವ ಯಂತ್ರಕ್ಕೆ ಸುರಿಯುವ ಹಣದಲ್ಲಿ ಒಂದಿಷ್ಟನ್ನು ಇಂಥ ಪ್ರಶ್ನೆ ಹುಡುಕುವ ಅಧ್ಯಾಪಕರ ಸಮಯಕ್ಕೆ ಕೊಟ್ಟರೆ ಯಂತ್ರಕ್ಕೆ ಕೆಲಸವೇ ಉಳಿಯಲಾರದು. ಯಂತ್ರ ಹೇಳುವುದಾದರೂ ಎಷ್ಟು ಪದ ಹೊಂದಿಕೆಯಾಯಿತು ಎಂದು ಮಾತ್ರ. ಬರೆದವನು ಭಾಗಾಕಾರ ಮಾಡಿದನೇ ಎಂಬುದು ಅದಕ್ಕೆ ತಿಳಿಯದು.

ಹಾಗಾದರೆ ಅಧ್ಯಕ್ಷರ ಪತ್ರವನ್ನು ಮುಟ್ಟಲೇಬಾರದೆ? ಮುಟ್ಟಬೇಕು, ಸಾಕ್ಷಿಯ ಹೇಳಿಕೆಯನ್ನು ವಕೀಲರು ಮುಟ್ಟುವ ಹಾಗೆ. 'ಕಂಪನಿ ಹೀಗೆ ಹೇಳುತ್ತದೆ' ಎಂದು, ಚಿಹ್ನೆಯೊಳಗೆ, ವರ್ಷ ಮತ್ತು ಪುಟದ ಸಂಖ್ಯೆ ಸಹಿತ ಬರೆದು, ಮುಂದಿನ ಸಾಲಿನಲ್ಲಿಯೇ ಅಂಕಿಯನ್ನು ಕರೆದು ಪಾಟೀಸವಾಲು ಹಾಕಬೇಕು. ಐದು ವರ್ಷದ ಪತ್ರಗಳನ್ನು ಒಟ್ಟಿಗಿಟ್ಟು ಓದಿದರೆ ಇನ್ನೂ ಲೇಸು: ಮೊದಲಿನ ಪತ್ರದಲ್ಲಿ ಮೆರೆದಿದ್ದ ಯಾವ ಯೋಜನೆ ಮೂರನೆಯದರಲ್ಲಿ ಸದ್ದಿಲ್ಲದೆ ಮಾಯವಾಯಿತು ಎಂಬುದು ಕಾಣುತ್ತದೆ, ಮತ್ತು ಹಾಗೆ ಮಾಯವಾದ ಮಾತನ್ನು ಯಾವ ಹುಡುಗನೂ ನಕಲು ಮಾಡಲಾರ.