ರಾತ್ರಿ ಏಳುವವರ ಅಳತೆ ಲೆಕ್ಕ

ಅರವತ್ತು ದಾಟಿದ ಗಂಡಸರು "ಡಾಕ್ಟ್ರೇ, ರಾತ್ರಿ ಮೂರು ನಾಲ್ಕು ಸಲ ಏಳ್ಬೇಕಾಗುತ್ತೆ" ಎನ್ನುತ್ತಾ ಬರುವಾಗ ಪ್ರಾಸ್ಟೇಟ್ ಎಂದು ತಾವೇ ತೀರ್ಮಾನಿಸಿಕೊಂಡಿರುತ್ತಾರೆ. ನಾನು ಅವರಿಗೆ ಗೆರೆ ಹಾಕಿದ ಒಂದು ಪ್ಲಾಸ್ಟಿಕ್ ಜಗ್ ತರಲು ಹೇಳುತ್ತೇನೆ. ಮೂರು ದಿನ, ಪ್ರತಿ ಸಲವೂ ಅದರಲ್ಲೇ ಮೂತ್ರ ಹೊಯ್ದು, ಹೊತ್ತು ಮತ್ತು ಅಳತೆ ಬರೆದಿಡಬೇಕು. ಕೆಲವರು ಮುಖ ಸಿಂಡರಿಸುತ್ತಾರೆ. ಆದರೆ ಇಷ್ಟು ಅಗ್ಗದ, ಇಷ್ಟು ಉಪಯೋಗದ ಪರೀಕ್ಷೆ ಇನ್ನೊಂದಿಲ್ಲ.

ಡೊಂಬಿವಲಿಯಿಂದ ಬಂದಿದ್ದ ಎಪ್ಪತ್ತರ ಹಿರಿಯರೊಬ್ಬರ ಚೀಟಿ ನೆನಪಾಗುತ್ತದೆ. ಸೋನೋಗ್ರಫಿಯಲ್ಲಿ ಪ್ರಾಸ್ಟೇಟ್ ತುಸು ದೊಡ್ಡದಿತ್ತು. "ಆಪರೇಷನ್ ಮಾಡಿಸಿಬಿಡೋಣ ಸಾರ್" ಎಂದು ಮಗನ ಅವಸರ. ಚೀಟಿ ಬೇರೆಯೇ ಹೇಳುತ್ತಿತ್ತು. ಹಗಲಿಗೆ ಒಟ್ಟು 850 ಮಿಲಿಲೀಟರ್. ರಾತ್ರಿ ಮೂರು ಸಲ 240, 260, 210. ಬೆಳಿಗ್ಗೆ ಎದ್ದ ಕೂಡಲೇ 240. ಬೆಳಗಿನ ಆ ಮೊದಲ ಸಲದ್ದೂ ರಾತ್ರಿಯ ಲೆಕ್ಕಕ್ಕೇ ಸೇರಬೇಕು, ಏಕೆಂದರೆ ಅದು ತಯಾರಾದದ್ದು ನಿದ್ದೆಯಲ್ಲಿ. ಅಲ್ಲಿಗೆ ರಾತ್ರಿಯದು 950, ಅಂದರೆ ದಿನದ 1800ರಲ್ಲಿ ಅರ್ಧಕ್ಕೂ ಹೆಚ್ಚು. ಈ ವಯಸ್ಸಿನಲ್ಲಿ ಮೂರನೇ ಒಂದು ಪಾಲು ದಾಟಿದರೆ ರಾತ್ರಿ ಮೂತ್ರ ಹೆಚ್ಚು ತಯಾರಾಗುತ್ತಿದೆ ಎಂದರ್ಥ.

ಪ್ರಾಸ್ಟೇಟಿನದೇ ತೊಂದರೆಯಾಗಿದ್ದರೆ ಸಾಮಾನ್ಯವಾಗಿ ಹಗಲೂ ರಾತ್ರಿಯೂ ಸ್ವಲ್ಪ ಸ್ವಲ್ಪವೇ, ನೂರರ ಆಸುಪಾಸು ಬರುತ್ತದೆ. ಧಾರೆ ಸಣ್ಣಗಿರುತ್ತದೆ, ಮುಗಿದರೂ ಮುಗಿಯದ ಹಾಗಿರುತ್ತದೆ. ಸಕ್ಕರೆ ಏರಿದ್ದರೆ ಹಗಲಿನ ಅಳತೆಯೂ ಏರುತ್ತದೆ, ಬಾಯಾರಿಕೆ ಕಾಡುತ್ತದೆ. ಇವರಿಗೆ ಅದು ಯಾವುದೂ ಇರಲಿಲ್ಲ. ಆಪರೇಷನ್ ಮಾಡಿಸಿದ್ದರೂ ರಾತ್ರಿ ಏಳುವುದು ತಪ್ಪುತ್ತಿರಲಿಲ್ಲ.

ಕಾಲು ನೋಡಿದೆ. ಸಂಜೆಯ ಹೊತ್ತು ಕಾಲುಚೀಲದ ಗುರುತು ಆಳವಾಗಿ ಮೂಡಿತ್ತು. ಹಗಲೆಲ್ಲ ಕುಳಿತಾಗ ಕಾಲಿಗೆ ಇಳಿದ ನೀರು, ಮಲಗಿದ ಮೇಲೆ ರಕ್ತಕ್ಕೆ ಮರಳಿ ಮೂತ್ರಪಿಂಡಕ್ಕೆ ಹೋಗುತ್ತದೆ. ಹೃದಯ, ಮೂತ್ರಪಿಂಡಗಳ ಪರೀಕ್ಷೆಯಲ್ಲಿ ದೋಷ ಕಾಣಲಿಲ್ಲ. ಅವರು ನುಂಗುತ್ತಿದ್ದ ಬಿ.ಪಿ. ಮಾತ್ರೆ ಆಮ್ಲೋಡಿಪಿನ್, ಅದು ಕೆಲವರಿಗೆ ಪಾದ ಊದಿಸುತ್ತದೆ. ಅದನ್ನು ಕೊಟ್ಟ ವೈದ್ಯರೊಂದಿಗೆ ಮಾತಾಡಿ ಬದಲಿಸಿದೆವು. ನೀವಾಗಿ ನಿಲ್ಲಿಸಬೇಡಿ. ಮಧ್ಯಾಹ್ನ ನಾಲ್ಕಕ್ಕೆ ಒಂದು ಗಂಟೆ ದಿಂಬಿನ ಮೇಲೆ ಕಾಲಿಟ್ಟು ಮಲಗಲು ಹೇಳಿದೆ, ಆ ನೀರು ಮಲಗುವ ಮೊದಲೇ ಹೊರಹೋಗಲಿ ಎಂದು. ಏಳರ ಚಹಾ, ಊಟದ ಮೇಲಿನ ದೊಡ್ಡ ಲೋಟ ಮಜ್ಜಿಗೆ, ಮಲಗುವಾಗಿನ ಚೊಂಬು ನೀರು ಇವನ್ನು ಹಗಲಿಗೆ ಸರಿಸಿದೆವು. ಒಟ್ಟು ನೀರು ಕಡಿಮೆ ಮಾಡಲಿಲ್ಲ. ಮುಂಬಯಿಯ ಸೆಖೆಯಲ್ಲಿ ಅದು ಅಪಾಯ. ಮೂರು ವಾರದಲ್ಲಿ ಏಳುವುದು ಒಂದು ಸಲಕ್ಕೆ ಇಳಿಯಿತು.

ಅಂದಹಾಗೆ, ಮೂತ್ರದಲ್ಲಿ ರಕ್ತ ಕಂಡರೆ, ಉರಿಯೊಡನೆ ಜ್ವರ ಬಂದರೆ, ಮೂತ್ರ ಕಟ್ಟಿಕೊಂಡರೆ, ಮಲಗಿದಾಗ ಉಸಿರು ಕಟ್ಟಿದಂತಾದರೆ ಜಗ್ ಹಿಡಿದು ಮೂರು ದಿನ ಕಾಯುವುದು ಬೇಡ. ಅದೇ ದಿನ ವೈದ್ಯರ ಬಳಿ ಹೋಗಿ.