ಹಬ್ಬದ ಶುಭಾಶಯ: ಸ್ವಂತದ್ದೊ, ಸಾಗಹಾಕಿದ್ದೊ?

ಕಳೆದ ಯುಗಾದಿಯ ಬೆಳಗ್ಗೆ ನಮ್ಮ ಬಡಾವಣೆಯ ವಾಟ್ಸಾಪ್ ಬಳಗದಲ್ಲಿ ಮಾವಿನ ತೋರಣದ ಚಿತ್ರಗಳು ಒಂದರ ಮೇಲೊಂದು ಬಂದು ಬಿದ್ದವು. ಇನ್ನೂರು ಮನೆಗಳ ಬಳಗವದು. ಅವುಗಳ ನಡುವೆ ಎದುರು ಮನೆಯ ಅಜ್ಜಿ, "ನಮ್ಮ ಯಜಮಾನರಿಗೆ ಉಸಿರಾಟ ಕಷ್ಟವಾಗಿದೆ, ಯಾರಾದರೂ ಕಾರು ತರುವಿರಾ?" ಎಂದು ಬರೆದಿದ್ದರು. ಅದು ನಮ್ಮ ಕಣ್ಣಿಗೆ ಬಿದ್ದದ್ದು ಮುಕ್ಕಾಲು ಗಂಟೆಯ ಬಳಿಕ. ಪುಣ್ಯಕ್ಕೆ ಹಾಲಿನ ಹುಡುಗ ಆಟೋ ಕರೆತಂದಿದ್ದ.

ಶುಭಾಶಯವೇ ತಪ್ಪೆಂದು ನಾನು ಹೇಳೆನು. ಆದರೆ ಕೈಯಿಂದ ಕೈಗೆ ಸಾಗಿ ಬಂದುದಕ್ಕೆ ಗುರುತುಂಟು. ಸಂದೇಶದ ನೆತ್ತಿಯಲ್ಲಿ ಜೋಡಿ ಬಾಣ ಕಂಡರೆ, ಅದು ಐದು ಅಥವಾ ಹೆಚ್ಚು ಕೈ ದಾಟಿ ಬಂದಿದೆಯೆಂದು ಅರ್ಥ. 2020ರಿಂದ ಅಂಥದನ್ನು ಒಮ್ಮೆಗೆ ಒಂದೇ ಕಡೆಗೆ ಕಳುಹಿಸಬಹುದು. ನಕಲು ಮಾಡಿ ಅಂಟಿಸಿದರೆ ಬಾಣವೇನೋ ಮಾಯವಾಗುತ್ತದೆ. "ಹತ್ತು ಜನರಿಗೆ ಕಳುಹಿಸಿ" ಎಂಬ ಬಾಲ ಮಾತ್ರ ಗುಟ್ಟು ಬಿಟ್ಟುಕೊಡುತ್ತದೆ.

ಮುಂದಿನ ಸಂಕ್ರಾಂತಿಗೆ ಕಾರ್ಯದರ್ಶಿಗಳು ಒಂದೇ ಸಂದೇಶ ಬರೆದರು: "ಎಲ್ಲರಿಗೂ ಹಬ್ಬದ ಶುಭಾಶಯ. ಸಂಜೆ ಐದಕ್ಕೆ ಉದ್ಯಾನದ ಕಟ್ಟೆಯ ಬಳಿ ಎಳ್ಳು ಬೀರೋಣ. ಮೆಟ್ಟಿಲಿಳಿಯಲಾಗದ ಹಿರಿಯರ ಮನೆಗೆ ಮಕ್ಕಳೇ ಬರುವರು." ಉಳಿದವರು ಅದರ ಮೇಲೆ ಬೆರಳೊತ್ತಿ ಕೈಮುಗಿದ ಚಿಹ್ನೆಯಿಟ್ಟರು. ಚಿಹ್ನೆ ನೂರಾದರೂ ಸಂದೇಶ ಒಂದೇ. ಆರ್ತರ ಕೂಗು ಮುಚ್ಚಿಹೋಗದು.

ಅಜ್ಜಿಗೆ ಮಾತ್ರ ನಾನು ಬೇರೆಯಾಗಿ ಬರೆದೆ: "ಯಜಮಾನರು ಈಗ ಹೇಗಿದ್ದಾರೆ?"

ಕ್ಷಣದಲ್ಲೇ ಉತ್ತರ ಬಂತು: "ಕಬ್ಬು ಸಿಗಿದು ತಿನ್ನುತ್ತಿದ್ದಾರೆ!"