ಕನ್ನಡ ಬಂತು, ಅರ್ಥ ಎಲ್ಲಿ ಹೋಯಿತು?

ಬೆಳಗಾವಿಯ ಬೋರ್ಡುಗಳ ಮೇಲೆ ಕನ್ನಡ ಇರಲೇಬೇಕೆಂದು ಬೀದಿಗಿಳಿದವರು ನಾವು. ಇವತ್ತು ಬೋರ್ಡು ಬೀದಿಯಲ್ಲಷ್ಟೇ ಇಲ್ಲ, ಪ್ರತಿಯೊಬ್ಬರ ಅಂಗೈಯಲ್ಲೂ ಇದೆ. ಮೊಬೈಲ್ ಆ್ಯಪ್‌ನಲ್ಲಿ ‘ಕನ್ನಡ’ ಎಂಬ ಆಯ್ಕೆ ಕಂಡೊಡನೆ ಗೆದ್ದೆವೆಂದು ಎದೆ ತಟ್ಟಿಕೊಳ್ಳುವ ಗೆಳೆಯರು ಆ ಕನ್ನಡವನ್ನು ಒಮ್ಮೆ ಓದಿ ನೋಡಲಿ.

ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವವನೊಬ್ಬ ಯಾವುದೋ ಆ್ಯಪ್‌ನಲ್ಲಿ ಬಸ್ ಟಿಕೆಟ್ ತೆಗೆಯುತ್ತಾನೆ ಎನ್ನಿ. ಯುಪಿಐ ಪಿನ್ ಒತ್ತುತ್ತಾನೆ, ಅಷ್ಟರಲ್ಲಿ ನೆಟ್‌ವರ್ಕ್ ಹೋಗುತ್ತದೆ. ಪರದೆಯ ಮೇಲೆ ಬರುವುದು: ‘ದೋಷ ಸಂಭವಿಸಿದೆ. ದಯವಿಟ್ಟು ನಂತರ ಪ್ರಯತ್ನಿಸಿ.’ ಕೆಳಗೆ ಒಂದೇ ಗುಂಡಿ: ‘ಸರಿ’. ಏನು ಸರಿ ಸ್ವಾಮಿ? ದುಡ್ಡು ಹೋಯಿತೋ, ಉಳಿಯಿತೋ? ಅವನು ಮತ್ತೆ ಪಿನ್ ಒತ್ತುತ್ತಾನೆ. ಒಂದು ಟಿಕೆಟ್ಟಿಗೆ ಎರಡು ಸಲ ದುಡ್ಡು ಕಟ್ಟಿ ಕೂರುತ್ತಾನೆ.

ಇದು ಬರೀ ಅನುವಾದದ ತಪ್ಪಲ್ಲ. ಪಿನ್ ತಪ್ಪಾದದ್ದು, ಖಾತೆಯಲ್ಲಿ ಹಣ ಸಾಲದ್ದು, ಹಣ ಕಡಿತವಾಗಿಯೂ ಟಿಕೆಟ್ ಬಾರದ್ದು ಬೇರೆ ಬೇರೆ ಸಂಗತಿಗಳು. ಯುಪಿಐ ವ್ಯವಸ್ಥೆ ಅವಕ್ಕೆ ಬೇರೆ ಬೇರೆ ಸಂಕೇತಗಳನ್ನೇ ಕೊಡುತ್ತದೆ: ತಪ್ಪು ಪಿನ್ನಿಗೆ ZM, ಹಣ ಸಾಲದಿದ್ದರೆ Z9. ಆ್ಯಪ್ ಬರೆದವರು ಎಲ್ಲವನ್ನೂ ಒಂದೇ ‘ದೋಷ’ದ ಚೀಲಕ್ಕೆ ತುಂಬುತ್ತಾರೆ. ಹೀಗಾಗಿ ಸಂದೇಶ ತಿದ್ದುವವನು ಮೊದಲು ಕೇಳಬೇಕಾದ ಪ್ರಶ್ನೆ: ಈ ಸಾಲು ಯಾವ ಯಾವ ಸಂದರ್ಭದಲ್ಲಿ ಬರುತ್ತದೆ? ಒಂದಕ್ಕಿಂತ ಹೆಚ್ಚಿದ್ದರೆ ಸಾಲನ್ನು ಒಡೆಯಬೇಕು.

ಒಡೆದ ಮೇಲೆ ಪ್ರತಿ ಸಂದೇಶವೂ ಮೂರು ಮಾತು ಹೇಳಬೇಕು: ಏನಾಯಿತು, ದುಡ್ಡಿನ ಗತಿಯೇನು, ಈಗೇನು ಮಾಡಬೇಕು. ಉತ್ತರ ಬಾರದೆ ನಿಂತ ಪಾವತಿಗೆ ಹೀಗೆ ಬರೆಯಬಹುದು: ‘ಬ್ಯಾಂಕಿನಿಂದ ಇನ್ನೂ ಉತ್ತರ ಬಂದಿಲ್ಲ. ಮತ್ತೆ ಹಣ ಕಟ್ಟಬೇಡಿ. ಟಿಕೆಟ್ ಸಿಗದೆ ಹಣ ಕಡಿತವಾಗಿದ್ದರೆ 5 ದಿನದೊಳಗೆ ಖಾತೆಗೆ ಮರಳಬೇಕು.’ ಗುಂಡಿಯ ಮೇಲೆ: ‘ಟಿಕೆಟ್ ಬಂದಿದೆಯೇ ನೋಡಿ’. ಈ 5 ದಿನ ನಮ್ಮ ಕಲ್ಪನೆಯಲ್ಲ. ವ್ಯಾಪಾರಿಗೆ ಯುಪಿಐನಲ್ಲಿ ಕಟ್ಟಿದ ಹಣ ಕಡಿತವಾಗಿ ಅವರಿಗೆ ಖಾತ್ರಿ ತಲುಪದಿದ್ದರೆ, ವಹಿವಾಟಿನ ದಿನದ ನಂತರದ 5 ದಿನದೊಳಗೆ ತಾನಾಗಿ ಮರಳಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರಿನಲ್ಲೇ ಹೇಳಿದೆ. ಈ ಹಕ್ಕು ತಿಳಿಯಬೇಕಾದದ್ದು ದುಡ್ಡು ಸಿಕ್ಕಿಕೊಂಡ ಆ ಗಳಿಗೆಯಲ್ಲೇ.

ಇನ್ನು ಗುಂಡಿಗಳ ಕಥೆ. ‘ಟಿಕೆಟ್ ರದ್ದು ಮಾಡಬೇಕೇ?’ ಎಂದು ಕೇಳಿ ಕೆಳಗೆ ‘ರದ್ದು’, ‘ಸರಿ’ ಎಂದು ಎರಡು ಗುಂಡಿ ಇಡುತ್ತಾರೆ. ರದ್ದು ಒತ್ತಿದರೆ ರದ್ದಾಗುವುದು ಟಿಕೆಟ್ಟೋ, ಪ್ರಶ್ನೆಯೋ? ಅನುವಾದಕನ ಮುಂದೆ ‘ಕ್ಯಾನ್ಸಲ್’ ಎಂಬ ಒಂಟಿ ಪದವನ್ನಷ್ಟೇ ಇಟ್ಟು, ಅದನ್ನೇ ಹತ್ತು ಪರದೆಗಳಿಗೆ ಅಂಟಿಸಿದ ಫಲ ಇದು. ಪ್ರತಿ ಗುಂಡಿಗೂ ತನ್ನದೇ ಸಾಲು ಬೇಕು: ‘ಟಿಕೆಟ್ ರದ್ದು ಮಾಡಿ’, ‘ಟಿಕೆಟ್ ಇರಲಿ’. ಪ್ರಶ್ನೆಯನ್ನು ಕೈಯಿಂದ ಮುಚ್ಚಿ ಗುಂಡಿಯನ್ನಷ್ಟೇ ಓದಿ. ಏನಾಗುತ್ತದೆಂದು ತಿಳಿದರೆ ಗುಂಡಿ ಸರಿಯಿದೆ. ಸಣ್ಣ ಫೋನಿನಲ್ಲೂ ನೋಡಿ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ, ಜಾಗ ಸಾಲದೆ ಮೊದಲು ಕತ್ತರಿಯಾಗುವುದು ಅದೇ.

ಕೊನೆಯ ಗುಟ್ಟು ನಮ್ಮ ಎರಡು ಊರುಗಳ ಹೆಸರಿನಲ್ಲೇ ಇದೆ. ಆಂಡ್ರಾಯ್ಡ್ ಆ್ಯಪ್‌ನ ಕನ್ನಡ ಸಾಲುಗಳು `values-kn/strings.xml` ಎಂಬ ಕಡತದಲ್ಲಿರುತ್ತವೆ. ಅಲ್ಲಿ ಊರಿನ ಹೆಸರು ಬರುವ ಕಡೆ ಹೀಗೆ ಖಾಲಿ ಜಾಗ ಬಿಡುತ್ತಾರೆ:

```xml
<string name="to_city">%1$sಗೆ ಟಿಕೆಟ್</string>
```

ಬೆಳಗಾವಿ ಬಿದ್ದರೆ ‘ಬೆಳಗಾವಿಗೆ ಟಿಕೆಟ್’, ಚೆಂದ. ಖಾನಾಪುರ ಬಿದ್ದರೆ ‘ಖಾನಾಪುರಗೆ ಟಿಕೆಟ್’! ಖಾನಾಪುರಕ್ಕೆ ಎನ್ನಬೇಕೆಂದು ಯಂತ್ರಕ್ಕೆ ಯಾರು ಹೇಳಿಕೊಟ್ಟರು? ಇಂಗ್ಲಿಷಿನ ‘ಟು’ ಎರಡೂ ಊರಿಗೆ ಒಂದೇ, ನಮ್ಮ ವಿಭಕ್ತಿ ಹಾಗಲ್ಲ. ಪ್ರತ್ಯಯವೇ ಬೇಡದಂತೆ ಸಾಲನ್ನು ತಿರುಗಿಸುವುದು ಸುಲಭದ ದಾರಿ:

```xml
<string name="to_city">ಹೋಗುವ ಊರು: %1$s</string>
```

ವಿಟಿಯು ಇರುವ ಊರು ಇದು, ಆ್ಯಪ್ ಬರೆಯುವ ಹುಡುಗ ಹುಡುಗಿಯರಿಗೆ ಇಲ್ಲೇನು ಬರವೇ? ಅವರು ತಮ್ಮ ಕನ್ನಡ ಸಾಲುಗಳನ್ನು ಮರಾಠಿ ಮನೆಮಾತಿನ ಖಾನಾಪುರದ ಗೆಳೆಯನೊಬ್ಬನ ಕೈಗೂ ಕೊಟ್ಟು ‘ಈಗ ಏನು ಒತ್ತುತ್ತೀ?’ ಎಂದು ಕೇಳಲಿ. ಅವನು ತಡಬಡಾಯಿಸಿದರೆ ತಿದ್ದಬೇಕಾದದ್ದು ಅವನ ಕನ್ನಡವನ್ನಲ್ಲ, ಆ ಸಾಲನ್ನು.